ವ್ಯೂಸ್ ಇದೆ, ದುಡ್ಡಿಲ್ಲ: ಬಿಜಿಎಂ ಕ್ಲೇಮ್ ಲೆಕ್ಕದಲ್ಲಿ ಕಾಣುವ ಬಗೆ

ತೀರ್ಥಹಳ್ಳಿ ಹತ್ತಿರ ನಮ್ಮ ಭಾವನ ಅಡಿಕೆ ತೋಟ ಇದೆ. ಅದರ ಜೊತೆಗೆ ಒಂದು ಯೂಟ್ಯೂಬ್ ಚಾನೆಲ್ಲೂ ಇದೆ. ಮಳೆಗಾಲದಲ್ಲಿ ಕೊಳೆ ರೋಗಕ್ಕೆ ಬೋರ್ಡೋ ಹೊಡೆಯುವುದು, ಮಳೆ ತಾಗದಂತೆ ಅಡಿಕೆ ಗೊನೆಗೆ ಕೊಟ್ಟೆ ಕಟ್ಟುವುದು, ಸುಲಿ ಹೊತ್ತಿಗೆ ಹಂಡೆಯಲ್ಲಿ ಅಡಿಕೆ ಬೇಯಿಸುವುದು, ಹೀಗೆ ತೋಟದ ಕೆಲಸವನ್ನೇ ವಿಡಿಯೋ ಮಾಡಿ ಹಾಕುತ್ತಾರೆ. ನಾನು ಶಿವಮೊಗ್ಗದಲ್ಲಿ ಮದುವೆ ವಿಡಿಯೋ ಎಡಿಟ್ ಮಾಡುವವನು. ಹಾಗಾಗಿ ಅವರ ಚಾನೆಲ್‌ಗೆ ಏನೇ ಆದರೂ ಫೋನ್ ಬರುವುದು ನನಗೇ.

ಕಳೆದ ಸುಲಿ ಸಮಯ, ನವೆಂಬರ್ 30ರ ಬೆಳಿಗ್ಗೆ ಫೋನ್ ಬಂತು. "ಮಾರಾಯ, ಅಡಿಕೆ ರೇಟ್ ಬೀಳೋ ಹಂಗೆ ಯೂಟ್ಯೂಬ್ ರೇಟೂ ಬೀಳುತ್ತಾ? ಜನ ಅಷ್ಟೇ ನೋಡ್ತಿದಾರೆ. ದುಡ್ಡು ಮಾತ್ರ ಮೂರರಲ್ಲಿ ಒಂದು ಪಾಲು ಹೋಗಿದೆ."

"ಯಾವತ್ತಿಂದ ಭಾವ?"

"ಒಂದು ವಾರ ಆಗಿರಬಹುದು. ಒಂದೇ ದಿನಕ್ಕೆ ಬಿದ್ದದ್ದು, ಆಮೇಲೆ ಮೇಲೆ ಎದ್ದಿಲ್ಲ."

ಒಂದೇ ದಿನಕ್ಕೆ ಬಿದ್ದದ್ದು ಅಂದ ಕೂಡಲೇ ನನಗೆ ಅನುಮಾನ ಬಂತು. ಜಾಹೀರಾತಿನ ರೇಟ್ ಇಳಿಯುವುದು ಹಾಗಲ್ಲ. ಅದು ಹಂಡೆಯ ನೀರು ಆರಿದ ಹಾಗೆ ನಿಧಾನಕ್ಕೆ ಇಳಿಯುತ್ತದೆ. ಕತ್ತರಿಸಿದ ಹಾಗೆ ಬಿದ್ದು, ಬಿದ್ದ ಜಾಗದಲ್ಲೇ ಕೂತಿದೆ ಅಂದರೆ ಯಾವುದೋ ಒಂದು ವಿಡಿಯೋದ ದುಡ್ಡು ಪೂರ್ತಿ ಬೇರೆ ಕಡೆ ತಿರುಗಿದೆ ಅಂತ ಅರ್ಥ. ವಾಟ್ಸಾಪ್‌ನಲ್ಲಿ ಸ್ಕ್ರೀನ್‌ಶಾಟ್ ತರಿಸಿಕೊಂಡು ನೋಡಿದೆ. ಅದೇ ಆಗಿತ್ತು. ಹಿನ್ನೆಲೆಯಲ್ಲಿ ಹಾಕಿದ್ದ ಕೊಳಲಿನ ಸಂಗೀತಕ್ಕೆ ಕ್ಲೇಮ್ ಬಿದ್ದಿತ್ತು.

ಇಂಥ ಕ್ಲೇಮ್ ಬಿದ್ದಾಗ ಯೂಟ್ಯೂಬ್ ಸ್ಟುಡಿಯೋದ ಲೆಕ್ಕದಲ್ಲಿ ಏನೇನು ಕಾಣುತ್ತದೆ, ಏನು ಕಾಣುವುದಿಲ್ಲ ಅನ್ನುವುದನ್ನು ಭಾವನ ಚಾನೆಲ್ ಇಟ್ಟುಕೊಂಡೇ ಹೇಳುತ್ತೇನೆ. ಲೆಕ್ಕ ಹಿಡಿಯಲು ಸುಲಭವಾಗಲಿ ಅಂತ ಸಂಖ್ಯೆಗಳನ್ನು ಸ್ವಲ್ಪ ದುಂಡಗೆ ಮಾಡಿದ್ದೇನೆ.

ಮೊದಲು ಕ್ಲೇಮ್ ಅಂದರೆ ಏನು ಅಂತ ನೋಡೋಣ. ಸಂಗೀತ ಕಂಪನಿಗಳು ತಮ್ಮ ಹಾಡುಗಳ ಪ್ರತಿಯನ್ನು ಯೂಟ್ಯೂಬ್‌ಗೆ ಕೊಟ್ಟಿರುತ್ತವೆ. ಕಂಟೆಂಟ್ ಐಡಿ ಅನ್ನುವ ವ್ಯವಸ್ಥೆ ಪ್ರತಿ ವಿಡಿಯೋದ ಸದ್ದನ್ನೂ ಆ ಪ್ರತಿಗಳ ಜೊತೆ ಹೋಲಿಸಿ ನೋಡುತ್ತದೆ. ಹೊಂದಿಕೆ ಆದರೆ ಕ್ಲೇಮ್ ತಾನಾಗಿಯೇ ಬೀಳುತ್ತದೆ. ಇದು ಸ್ಟ್ರೈಕ್ ಅಲ್ಲ. ಸ್ಟ್ರೈಕ್ ಬರುವುದು ಹಕ್ಕುದಾರರು ಕಾನೂನು ಪ್ರಕಾರ ವಿಡಿಯೋ ತೆಗೆಸಿದಾಗ. 90 ದಿನದೊಳಗೆ ಅಂಥವು 3 ಆದರೆ ಚಾನೆಲ್ಲೇ ಹೋಗಬಹುದು. ಕ್ಲೇಮ್ ಸಾಮಾನ್ಯವಾಗಿ ಆ ಒಂದು ವಿಡಿಯೋಗೆ ಮಾತ್ರ ತಗುಲುತ್ತದೆ. ಎರಡನ್ನೂ ಒಂದೇ ಅಂದುಕೊಂಡು ಹೆದರಿ ವಿಡಿಯೋ ಡಿಲೀಟ್ ಮಾಡುವವರು ನಮ್ಮ ಕಡೆ ಜಾಸ್ತಿ. ಡಿಲೀಟ್ ಮಾಡಿದರೆ ಅಷ್ಟು ದಿನ ಕೂಡಿಟ್ಟ ವ್ಯೂಸ್, ಕಾಮೆಂಟ್ ಎಲ್ಲಾ ಹೋಗುತ್ತದೆ, ಅಷ್ಟೇ.

ಕ್ಲೇಮ್ ಹಾಕಿದವರ ಮುಂದೆ ಮೂರು ದಾರಿ ಇರುತ್ತವೆ. ವಿಡಿಯೋವನ್ನು ಹಾಗೇ ಬಿಟ್ಟು ಅದರ ಜಾಹೀರಾತು ದುಡ್ಡನ್ನು ತಾವು ತೆಗೆದುಕೊಳ್ಳಬಹುದು. ವಿಡಿಯೋ ಯಾರಿಗೂ ಕಾಣದಂತೆ ತಡೆಯಬಹುದು. ಇಲ್ಲ, ಎಷ್ಟು ಜನ ನೋಡುತ್ತಾರೆ ಅಂತ ಸುಮ್ನೆ ಲೆಕ್ಕ ಇಟ್ಟುಕೊಳ್ಳಬಹುದು. ಇದನ್ನು ದೇಶಕ್ಕೊಂದು ಬಗೆಯಲ್ಲೂ ಮಾಡಬಹುದು. ಇಲ್ಲಿ ದುಡ್ಡು ತೆಗೆದುಕೊಂಡು, ಇನ್ನೊಂದು ದೇಶದಲ್ಲಿ ತಡೆಯಬಹುದು. ಲೆಕ್ಕದಲ್ಲಿ ಏನು ಕಾಣುತ್ತದೆ ಅನ್ನುವುದು ಅವರು ಹಿಡಿದ ದಾರಿಯ ಮೇಲೆ ನಿಂತಿದೆ.

ಭಾವನ ವಿಡಿಯೋಗೆ ಬಿದ್ದದ್ದು ದುಡ್ಡು ತೆಗೆದುಕೊಳ್ಳುವ ಕ್ಲೇಮ್.

ಆ ವಿಡಿಯೋ 12 ನಿಮಿಷದ್ದು. ಕೊನೆಗೌಡ ಮರ ಹತ್ತುವುದರಿಂದ ಹಿಡಿದು ಅಡಿಕೆ ಸುಲಿದು, ಬೇಯಿಸಿ, ಅಂಗಳದಲ್ಲಿ ಹರವುವವರೆಗೆ ಎಲ್ಲಾ ಇದೆ. ಒಲೆಗೆ ಬೆಂಕಿ ಹಾಕುವ ಕಡೆ 48 ಸೆಕೆಂಡ್ ಕೊಳಲು ಇದೆ. ನವೆಂಬರ್ 11ಕ್ಕೆ ಹಾಕಿದ್ದು. ಚೆನ್ನಾಗಿ ಓಡಿತು. ದಿನಕ್ಕೆ ಸುಮಾರು 4,000 ವ್ಯೂಸ್. ಪ್ರತಿ ಸಾವಿರ ವ್ಯೂಸ್‌ಗೆ ಭಾವನ ಕೈಗೆ 30 ರೂಪಾಯಿ, ಅಂದರೆ ದಿನಕ್ಕೆ 120 ರೂಪಾಯಿ. ಬಾಕಿ ಹಳೆಯ ವಿಡಿಯೋಗಳೆಲ್ಲ ಸೇರಿ ದಿನಕ್ಕೆ 8,000 ವ್ಯೂಸ್, ಅದೇ ದರದಲ್ಲಿ 240 ರೂಪಾಯಿ. ಒಟ್ಟು ದಿನಕ್ಕೆ 12,000 ವ್ಯೂಸ್, 360 ರೂಪಾಯಿ.

ನವೆಂಬರ್ 22ಕ್ಕೆ ಕ್ಲೇಮ್ ಬಿತ್ತು. ಹಾಕಿ ಹನ್ನೊಂದು ದಿನ ಆದಮೇಲೆ! "ಅಪ್‌ಲೋಡ್ ಮಾಡುವಾಗ ಚೆಕ್ ಆಗಿತ್ತಲ್ಲ, ಕಾಪಿರೈಟ್ ತೊಂದರೆ ಇಲ್ಲ ಅಂತ ತೋರಿಸಿತ್ತಲ್ಲ" ಅಂತ ಭಾವ ಕೇಳಿದರು. ತೋರಿಸಿರುತ್ತದೆ. ಆ ತಪಾಸಣೆ ಆ ಹೊತ್ತಿಗೆ ಅವರ ಬಳಿ ಇದ್ದ ಪ್ರತಿಗಳ ಜೊತೆ ಮಾತ್ರ. ಕಂಪನಿ ನಾಳೆ ಒಂದು ಹೊಸ ಪ್ರತಿ ಕೊಟ್ಟರೆ, ವ್ಯವಸ್ಥೆ ಹಳೆಯ ವಿಡಿಯೋಗಳನ್ನೂ ಅದಕ್ಕೆ ಹೋಲಿಸಿ ನೋಡುತ್ತದೆ. ಎರಡು ವರ್ಷದ ಹಿಂದಿನ ವಿಡಿಯೋಗೂ ಇವತ್ತು ಕ್ಲೇಮ್ ಬೀಳಬಹುದು.

ಕ್ಲೇಮ್ ಬಿದ್ದ ಮರುದಿನ ಆ ವಿಡಿಯೋದ ರೀಚ್ ಪುಟ ತೆಗೆದರೆ ಏನೂ ಗೊತ್ತಾಗುವುದಿಲ್ಲ. ಥಂಬ್‌ನೇಲ್ ಎಷ್ಟು ಸಲ ಜನರ ಕಣ್ಣಿಗೆ ಬಿತ್ತು, ಅದರಲ್ಲಿ ಎಷ್ಟು ಜನ ಒತ್ತಿದರು, ಸರಾಸರಿ ಎಷ್ಟು ನಿಮಿಷ ನೋಡಿದರು, ಎಲ್ಲಾ ಮೊದಲಿನ ಹಾಗೇ. ಯಾಕೆಂದರೆ ವಿಡಿಯೋವನ್ನು ಜನರ ಮುಂದಿಡುವ ವ್ಯವಸ್ಥೆ ನೋಡುವುದು ಜನ ಒತ್ತುತ್ತಾರಾ, ಕೂತು ನೋಡುತ್ತಾರಾ ಅನ್ನುವುದನ್ನು. ದುಡ್ಡು ಯಾರ ಜೇಬಿಗೆ ಹೋಗುತ್ತದೆ ಅನ್ನುವುದು ಅದಕ್ಕೆ ಬೇಕಾಗಿಲ್ಲ. ಜಾಹೀರಾತೂ ಬರುತ್ತಲೇ ಇರುತ್ತದೆ. ನೋಡುವವರಿಗೆ ಒಂದು ಚೂರೂ ವ್ಯತ್ಯಾಸ ಇಲ್ಲ. ಭಾವ ತಮ್ಮ ವಿಡಿಯೋ ತಾವೇ ಹಾಕಿ ನೋಡಿ, ಜಾಹೀರಾತು ಬಂದದ್ದು ಕಂಡು, ಎಲ್ಲಾ ಸರಿ ಇದೆ ಅಂದುಕೊಂಡಿದ್ದರು. ಬರುತ್ತಿದ್ದದ್ದು ನಿಜ. ದುಡ್ಡು ಮಾತ್ರ ಬೇರೆಯವರಿಗೆ.

ಆದಾಯದ ಪುಟದಲ್ಲಿ ಕಥೆ ಬೇರೆ. ಆ ವಿಡಿಯೋದ ಗೆರೆ 21ರವರೆಗೆ 120ರ ಆಸುಪಾಸಿನಲ್ಲಿತ್ತು, 22ರಿಂದ ಸೊನ್ನೆ. 12 ನಿಮಿಷದಲ್ಲಿ 48 ಸೆಕೆಂಡ್ ಮಾತ್ರ ಸಂಗೀತ ಇದೆ, ಅಷ್ಟರ ಪಾಲು ಹೋಗಲಿ ಅನ್ನುವಂತಿಲ್ಲ. ಸಾಮಾನ್ಯವಾಗಿ ಕ್ಲೇಮ್ ಹಾಕಿದವರು ಇಡೀ ವಿಡಿಯೋದ ಜಾಹೀರಾತು ದುಡ್ಡನ್ನು ತೆಗೆದುಕೊಳ್ಳುತ್ತಾರೆ. ಕೆಲವು ಹಾಡುಗಳನ್ನು ನೀವೇ ಹಾಡಿ ಹಾಕಿದಾಗ ಪಾಲು ಹಂಚಿಕೊಳ್ಳುವ ಏರ್ಪಾಡು ಇದೆ, ಆದರೆ ಹಿನ್ನೆಲೆಗೆ ಹಾಕಿದ ರೆಕಾರ್ಡಿಂಗ್‌ಗೆ ಅದು ಸಾಮಾನ್ಯವಾಗಿ ನಡೆಯುವುದಿಲ್ಲ. ಒಂದು ಗೊನೆ ಬಾಳೆಗೆ ಇಡೀ ತೋಟ ಕೊಟ್ಟ ಹಾಗೆ. ಇದು ನ್ಯಾಯ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ.

ಭಾವ ಈ ಸೊನ್ನೆಯನ್ನು ನೋಡಿರಲಿಲ್ಲ. ಅವರು ನೋಡುತ್ತಿದ್ದದ್ದು ಇಡೀ ಚಾನೆಲ್‌ನ ಮೊದಲ ಪುಟ. ಅಲ್ಲಿ ಒಟ್ಟು ವ್ಯೂಸ್ 12,000 ಹಾಗೇ ಇತ್ತು. ಆದಾಯ 360ರಿಂದ 240ಕ್ಕೆ ಇಳಿದಿತ್ತು. ಅದರ ಪಕ್ಕದಲ್ಲಿ RPM ಅನ್ನುವ ಸಂಖ್ಯೆ 30ರಿಂದ 20ಕ್ಕೆ ಬಂದಿತ್ತು.

ಈ RPM ಸಂಖ್ಯೆಯೇ ಅವರ ದಾರಿ ತಪ್ಪಿಸಿದ್ದು. ನಿಮ್ಮ ಕೈಗೆ ಬಂದ ಒಟ್ಟು ದುಡ್ಡನ್ನು ಒಟ್ಟು ವ್ಯೂಸ್‌ನಿಂದ ಭಾಗಿಸಿ, ಸಾವಿರಕ್ಕೆ ಎಷ್ಟು ಅಂತ ಹೇಳುವ ಸಂಖ್ಯೆ ಅದು. ದುಡ್ಡು ತರದ ವ್ಯೂಸೂ ಕೆಳಗಿನ ಲೆಕ್ಕದಲ್ಲಿ ಸೇರಿರುತ್ತದೆ. ಕ್ಲೇಮ್ ಬಿದ್ದ ವಿಡಿಯೋದ 4,000 ವ್ಯೂಸ್ ಅಲ್ಲೇ ಇವೆ, ಅದರ ದುಡ್ಡು ಮೇಲಿಲ್ಲ. ಹಾಗಾಗಿ ಇಡೀ ಚಾನೆಲ್‌ನ ದರವೇ ಬಿದ್ದ ಹಾಗೆ ಕಾಣುತ್ತದೆ. ನಿಜವಾಗಿ ಉಳಿದ ವಿಡಿಯೋಗಳ ದರ 30 ರೂಪಾಯಿಯೇ ಇದೆ, ಒಂದು ಪೈಸೆ ಬಿದ್ದಿಲ್ಲ. ವಿಡಿಯೋ ಚೆನ್ನಾಗಿ ಓಡಿದಷ್ಟೂ ಈ ಸಂಖ್ಯೆ ಇನ್ನೂ ಕೆಳಗೆ ಹೋಗುತ್ತದೆ. ಆ ಒಂದು ವಿಡಿಯೋಗೆ 4,000ದ ಬದಲು 16,000 ವ್ಯೂಸ್ ಬಂದಿದ್ದರೆ, ಒಟ್ಟು 24,000 ವ್ಯೂಸ್‌ಗೆ ಅದೇ 240 ರೂಪಾಯಿ, ಅಂದರೆ RPM ಬರೀ 10. ಕಳೆದುಕೊಂಡದ್ದು ಏನೂ ಹೊಸದಿಲ್ಲ, ಸಂಖ್ಯೆ ಮಾತ್ರ ಅರ್ಧ ಆಯಿತು. ಇದನ್ನು ನೋಡಿ "ನನ್ನ ಚಾನೆಲ್ ಬಿದ್ದುಹೋಯಿತು" ಅಂತ ತಲೆ ಮೇಲೆ ಕೈ ಹೊತ್ತವರನ್ನು ನಾನು ಕಂಡಿದ್ದೇನೆ.

ಹಾಗಾದರೆ ದರ ನಿಜವಾಗಿ ಬಿದ್ದಿದೆಯಾ, ಇಲ್ಲ ಕ್ಲೇಮಾ ಅಂತ ತಿಳಿಯುವುದು ಹೇಗೆ? ಪಕ್ಕದಲ್ಲೇ CPM ಅಂತ ಇನ್ನೊಂದು ಸಂಖ್ಯೆ ಇದೆ. ಅದು ಜಾಹೀರಾತುದಾರರು ಕೊಡುವ ದರ, ಯೂಟ್ಯೂಬ್ ತನ್ನ ಪಾಲು ಮುರಿದುಕೊಳ್ಳುವುದಕ್ಕೆ ಮೊದಲಿನದು. ಉದ್ದ ವಿಡಿಯೋಗಳಲ್ಲಿ ಜಾಹೀರಾತು ದುಡ್ಡಿನ 55 ಪಾಲು ನಮಗೆ, 45 ಅವರಿಗೆ. ದೀಪಾವಳಿ ಮುಗಿದ ಮೇಲೋ, ಹೊಸ ವರ್ಷ ಬಂದ ಮೇಲೋ ಜಾಹೀರಾತು ಕಡಿಮೆಯಾದರೆ CPM ಇಳಿಯುತ್ತದೆ, ಮತ್ತು ಎಲ್ಲಾ ವಿಡಿಯೋಗಳೂ ಒಟ್ಟಿಗೆ ಬಾಡುತ್ತವೆ. ಕ್ಲೇಮ್ ಆದರೆ CPM ಹೆಚ್ಚುಕಡಿಮೆ ಅಲ್ಲೇ ಇರುತ್ತದೆ, RPM ಮಾತ್ರ ಬೀಳುತ್ತದೆ. ವಿಡಿಯೋ ವಿಡಿಯೋ ಬಿಡಿಸಿ ನೋಡಿದರೆ ಒಂದೇ ಒಂದು ಸೊನ್ನೆಯಲ್ಲಿ ಕೂತಿರುತ್ತದೆ. ಹೆಚ್ಚಿನ ಜಾಹೀರಾತುದಾರರಿಗೆ ಹೊಂದುವುದಿಲ್ಲ ಅಂತ ಯೂಟ್ಯೂಬ್ ಹಳದಿ ಗುರುತು ಹಾಕಿದ ವಿಡಿಯೋ ಇವೆರಡರ ನಡುವೆ. ಅಲ್ಲೂ ಒಂದೇ ವಿಡಿಯೋ ಬೀಳುತ್ತದೆ, ಆದರೆ ಸಾಮಾನ್ಯವಾಗಿ ಅಷ್ಟೋ ಇಷ್ಟೋ ಬರುತ್ತಿರುತ್ತದೆ.

ಇನ್ನೊಂದು ಸಣ್ಣ ಎಚ್ಚರಿಕೆ. ವ್ಯೂಸ್ ಬೇಗ ಕಾಣುತ್ತದೆ, ಆದಾಯ ಕಾಣಲು ಸುಮಾರು ಎರಡು ದಿನ ಬೇಕು. ನಿನ್ನೆಯ ಮತ್ತು ಮೊನ್ನೆಯ ಜಾಗ ಖಾಲಿ ಇದ್ದರೆ ಅದು ಕ್ಲೇಮ್ ಅಲ್ಲ, ಲೆಕ್ಕ ಇನ್ನೂ ಬಂದಿಲ್ಲ. ಮೂರನೇ ದಿನವೂ ಸೊನ್ನೆಯೇ ಇದ್ದರೆ ಆಗ ನೋಡಬೇಕು.

ನೋಡುವುದು ಎಲ್ಲಿ ಅಂದರೆ, ಸ್ಟುಡಿಯೋದ Content ಪುಟದಲ್ಲಿ ಪ್ರತಿ ವಿಡಿಯೋ ಎದುರು Restrictions ಅಂತ ಒಂದು ಸಾಲು ಇರುತ್ತದೆ. ಕ್ಲೇಮ್ ಇದ್ದರೆ ಅಲ್ಲಿ Copyright ಅಂತ ಬಂದಿರುತ್ತದೆ. ಅದರ ಮೇಲೆ ಮೌಸ್ ಇಟ್ಟರೆ See details ಸಿಗುತ್ತದೆ. ಒಳಗೆ ಹೋದರೆ ಯಾವ ಹಾಡು, ವಿಡಿಯೋದ ಎಷ್ಟನೇ ನಿಮಿಷದಿಂದ ಎಷ್ಟರವರೆಗೆ, ಯಾರು ಕ್ಲೇಮ್ ಹಾಕಿದ್ದು, ದುಡ್ಡು ಮಾತ್ರ ಹೋಗಿದೆಯಾ ಅಥವಾ ಯಾವುದಾದರೂ ದೇಶದಲ್ಲಿ ತಡೆದಿದ್ದಾರಾ, ಎಲ್ಲಾ ಇರುತ್ತದೆ. ಇಮೇಲ್ ಕೂಡ ಬಂದಿರುತ್ತದೆ. ಭಾವನಿಗೂ ಬಂದಿತ್ತು. ಗೊಬ್ಬರದ ಆಫರ್ ಮೇಲ್‌ಗಳ ನಡುವೆ ಓದದೆ ಬಿದ್ದಿತ್ತು.

ಈಗ ತಡೆಯುವ ಕ್ಲೇಮ್‌ನ ಮಾತು. ರೀಚ್ ನಿಜವಾಗಿ ಪೆಟ್ಟು ತಿನ್ನುವುದು ಇಲ್ಲಿ. ಎಲ್ಲಾ ದೇಶದಲ್ಲೂ ತಡೆದರೆ ಗೆರೆ ನೆಲಕ್ಕೆ ಬೀಳುತ್ತದೆ, ಅದನ್ನು ಹುಡುಕಬೇಕಾಗಿಲ್ಲ, ತಾನೇ ಕಾಣುತ್ತದೆ. ಕಷ್ಟ ಇರುವುದು ಕೆಲವು ದೇಶದಲ್ಲಿ ಮಾತ್ರ ತಡೆದಾಗ. ಮಲೆನಾಡಿನ ತೋಟದ ವಿಡಿಯೋಗಳನ್ನು ಇಲ್ಲಿನವರಷ್ಟೇ ಅಲ್ಲ, ಊರು ಬಿಟ್ಟು ದುಬೈಯಲ್ಲಿ, ಅಮೆರಿಕದಲ್ಲಿ ಇರುವವರೂ ನೋಡುತ್ತಾರೆ. ಅಡಿಕೆ ಬೇಯಿಸಿದ ಚೊಗರಿನ ವಾಸನೆ ನೆನಪಾಯಿತು ಅಂತ ಕಾಮೆಂಟ್ ಹಾಕುವವರು ಅವರೇ. ಅವರ ಸಂಖ್ಯೆ ಕಡಿಮೆ, ಆದರೆ ಅಲ್ಲಿನ ಜಾಹೀರಾತು ದರ ಜಾಸ್ತಿ.

ಭಾವನ ವಿಡಿಯೋವನ್ನೇ ತೆಗೆದುಕೊಳ್ಳಿ. ದಿನದ 4,000 ವ್ಯೂಸ್‌ನಲ್ಲಿ 3,600 ಇಲ್ಲಿಯದು, 400 ಹೊರಗಿನದು ಅಂತಿಟ್ಟುಕೊಳ್ಳೋಣ. ಇಲ್ಲಿ ಸಾವಿರಕ್ಕೆ 20 ರೂಪಾಯಿಯಂತೆ 72 ರೂಪಾಯಿ, ಹೊರಗೆ ಸಾವಿರಕ್ಕೆ 120ರಂತೆ 48 ರೂಪಾಯಿ, ಒಟ್ಟು ಅದೇ 120. ಈಗ ಕ್ಲೇಮ್ ಹಾಕಿದವರು ಇಲ್ಲಿ ಬಿಟ್ಟು ಹೊರಗೆ ಮಾತ್ರ ತಡೆದರು ಅಂದುಕೊಳ್ಳಿ. ವ್ಯೂಸ್ ಇಳಿಯುವುದು 10 ಶೇಕಡಾ. ಒಂದು ದಿನದ ಏರಿಳಿತವೇ ಅದಕ್ಕಿಂತ ಹೆಚ್ಚಿರುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ದುಡ್ಡು ಇಳಿಯುವುದು 40 ಶೇಕಡಾ. ಒಟ್ಟು ವ್ಯೂಸ್ ನೋಡುತ್ತಾ ಕೂತರೆ ಇದು ಸಿಗುವುದೇ ಇಲ್ಲ. ಆ ವಿಡಿಯೋದ ಲೆಕ್ಕದಲ್ಲಿ Advanced mode ತೆಗೆದು, ದೇಶದ ಪ್ರಕಾರ ಬಿಡಿಸಿ, ಕ್ಲೇಮ್ ಬಿದ್ದ ದಿನಕ್ಕೆ ಹಿಂದಿನ ಒಂದು ವಾರ ಮತ್ತು ಮುಂದಿನ ಒಂದು ವಾರ ಪಕ್ಕ ಪಕ್ಕ ಇಟ್ಟು ನೋಡಬೇಕು. ತಡೆದ ದೇಶದ ಸಾಲು ಕಡಿಮೆಯಾಗಿರುವುದಿಲ್ಲ, ಹೆಚ್ಚುಕಡಿಮೆ ಮಾಯವೇ ಆಗಿರುತ್ತದೆ.

ಶಾರ್ಟ್ಸ್ ಮಾಡುವವರಿಗೆ ಇನ್ನೊಂದು ಬಗೆ. ಯೂಟ್ಯೂಬ್‌ನ ಶಾರ್ಟ್ಸ್ ಸಂಗೀತ ಪಟ್ಟಿಯಿಂದಲೇ ಹಾಡು ಹಾಕಿದರೆ ದುಡ್ಡು ಮೊದಲೇ ಹಂಚಿಹೋಗುತ್ತದೆ. ಒಂದು ಹಾಡು ಇದ್ದರೆ ಆ ವ್ಯೂಸ್‌ನ ಜಾಹೀರಾತು ದುಡ್ಡಿನಲ್ಲಿ ಅರ್ಧ ಸಂಗೀತದವರಿಗೆ, ಎರಡು ಹಾಡು ಇದ್ದರೆ ಮೂರರಲ್ಲಿ ಎರಡು ಪಾಲು ಅವರಿಗೆ. ಉಳಿದದ್ದರಲ್ಲಿ 45 ಶೇಕಡಾ ನಮಗೆ. ಆದರೆ ಒಂದು ನಿಮಿಷಕ್ಕಿಂತ ಉದ್ದದ ಶಾರ್ಟ್‌ಗೆ ಕಂಟೆಂಟ್ ಐಡಿ ಕ್ಲೇಮ್ ಬಿದ್ದರೆ ಹಕ್ಕುದಾರರು ದುಡ್ಡು ಬೇಕು ಅಂದಿರಲಿ, ಸುಮ್ನೆ ಲೆಕ್ಕ ಇಡಿ ಅಂದಿರಲಿ, ವಿಡಿಯೋ ಎಲ್ಲಾ ಕಡೆ ತಡೆಯಲ್ಪಡುತ್ತದೆ. 2024ರ ಅಕ್ಟೋಬರ್‌ನಲ್ಲಿ ಶಾರ್ಟ್ಸ್ ಮೂರು ನಿಮಿಷದವರೆಗೆ ಉದ್ದವಾದಾಗಿನಿಂದ ಇದು ಬಹಳ ಜನರಿಗೆ ತಾಗಿದೆ. "ನಿನ್ನೆ ಓಡ್ತಿತ್ತು, ಇವತ್ತು ಸೊನ್ನೆ" ಅಂತ ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು ಶಾರ್ಟ್ ಎಷ್ಟು ಸೆಕೆಂಡಿನದು ಅಂತ.

ಮತ್ತೆ ಭಾವನ ವಿಷಯಕ್ಕೆ ಬರೋಣ. ಆ ಕೊಳಲನ್ನು ಅವರು ಕದ್ದಿರಲಿಲ್ಲ. ಸಂಗೀತ ಮಾರುವ ಒಂದು ತಾಣದಲ್ಲಿ ದುಡ್ಡು ಕೊಟ್ಟು ಲೈಸೆನ್ಸ್ ತೆಗೆದುಕೊಂಡಿದ್ದರು, ರಸೀದಿಯೂ ಇತ್ತು. ಮತ್ತೆ ಕ್ಲೇಮ್ ಯಾಕೆ ಬಿತ್ತು? ಸಂಗೀತ ಮಾಡಿದವರು ಅದೇ ತುಣುಕನ್ನು ಈ ತಾಣಕ್ಕೂ ಮಾರಿ, ಇನ್ನೊಂದು ವಿತರಕರಿಗೂ ಕೊಟ್ಟಿದ್ದರು. ಆ ವಿತರಕರು ಅದನ್ನು ಕಂಟೆಂಟ್ ಐಡಿಗೆ ಸೇರಿಸಿದ್ದರು. ವ್ಯವಸ್ಥೆಗೆ ಸದ್ದು ಹೊಂದಿತಾ ಇಲ್ವಾ ಅಷ್ಟೇ ಗೊತ್ತು, ರಸೀದಿ ಗೊತ್ತಿಲ್ಲ.

ಇಂಥ ಕಡೆ ಆಕ್ಷೇಪ ಹಾಕಬಹುದು, ಡಿಸ್ಪ್ಯೂಟ್ ಅನ್ನುತ್ತಾರೆ. ದಿನದ ಲೆಕ್ಕ ಬಹಳ ಮುಖ್ಯ ಆಗುವುದು ಇಲ್ಲೇ. ಕ್ಲೇಮ್ ಬಿದ್ದ 5 ದಿನದೊಳಗೆ ಆಕ್ಷೇಪ ಹಾಕಿದರೆ, ಕ್ಲೇಮ್ ಬಿದ್ದ ಮೊದಲ ದಿನದಿಂದಲೇ ಆ ವಿಡಿಯೋದ ದುಡ್ಡನ್ನು ಯೂಟ್ಯೂಬ್ ಯಾರಿಗೂ ಕೊಡದೆ ಎತ್ತಿಡುತ್ತದೆ. 5 ದಿನ ದಾಟಿದ ಮೇಲೆ ಹಾಕಿದರೆ, ಹಾಕಿದ ದಿನದಿಂದ ಮಾತ್ರ ಎತ್ತಿಡುತ್ತದೆ. ನಡುವಿನ ದಿನಗಳ ದುಡ್ಡು ಕ್ಲೇಮ್ ಹಾಕಿದವರದು. ಭಾವನಿಗೆ ಕ್ಲೇಮ್ ಬಿದ್ದದ್ದು 22ಕ್ಕೆ. ನನಗೆ ಫೋನ್ ಮಾಡಿದ್ದು 30ಕ್ಕೆ, ಅವತ್ತೇ ಸಂಜೆ ಲೈಸೆನ್ಸ್ ವಿವರ ಬರೆದು ಆಕ್ಷೇಪ ಹಾಕಿದೆವು. 22ರಿಂದ 29ರವರೆಗೆ 8 ದಿನ, ದಿನಕ್ಕೆ 120ರಂತೆ 960 ರೂಪಾಯಿ ಕೈಬಿಟ್ಟಿತು. 26ಕ್ಕೆ ಹಾಕಿದ್ದರೆ ಒಂದು ರೂಪಾಯಿಯೂ ಹೋಗುತ್ತಿರಲಿಲ್ಲ.

ಆಕ್ಷೇಪಕ್ಕೆ ಉತ್ತರ ಕೊಡಲು ಅವರಿಗೆ 30 ದಿನ ಇರುತ್ತದೆ. ಉತ್ತರ ಕೊಡದಿದ್ದರೆ ಕ್ಲೇಮ್ ತಾನಾಗಿ ರದ್ದಾಗುತ್ತದೆ. ಅವರು ಒಪ್ಪದಿದ್ದರೆ ನಾವು ಮೇಲ್ಮನವಿ ಹಾಕಬಹುದು, ಅದಕ್ಕೆ ಅವರಿಗೆ 7 ದಿನ. ಮೇಲ್ಮನವಿ ಮಟ್ಟಕ್ಕೆ ಹೋದಾಗ ಅವರು ವಿಡಿಯೋ ತೆಗೆಸುವ ಕೋರಿಕೆ ಕೊಟ್ಟರೆ ಅದು ಸ್ಟ್ರೈಕ್ ಆಗಬಹುದು. ಹಾಗಾಗಿ ಕೈಯಲ್ಲಿ ಕಾಗದ ಇಲ್ಲದೆ, "ನಾನು ಹೆಸರು ಹಾಕಿದ್ದೇನಲ್ಲ", "ಹತ್ತೇ ಸೆಕೆಂಡಲ್ವಾ" ಅಂತ ಆಕ್ಷೇಪ ಹಾಕಬೇಡಿ. ಹತ್ತು ಸೆಕೆಂಡ್ ತನಕ ಫ್ರೀ ಅನ್ನುವ ನಿಯಮ ಇಲ್ಲ. ಅದು ಜನರ ಬಾಯಲ್ಲಿ ಹುಟ್ಟಿದ್ದು.

ದುಡ್ಡು ಎತ್ತಿಟ್ಟ ದಿನಗಳಲ್ಲಿ ಲೆಕ್ಕದಲ್ಲಿ ಏನು ಕಾಣುತ್ತದೆ? ಆ ದುಡ್ಡು ಕಾಣುವುದಿಲ್ಲ. ಭಾವ ದಿನಾ ಕೇಳುತ್ತಿದ್ದರು, "ಆಕ್ಷೇಪ ಹಾಕಿ ಹತ್ತು ದಿನ ಆಯ್ತು, ಇನ್ನೂ ಏನೂ ಬಂದಿಲ್ಲ, ಅವರೇ ತಿಂತಿದಾರಾ?" ಇಲ್ಲ, ತೀರ್ಮಾನ ಆಗುವವರೆಗೆ ಅದು ಅವರ ಲೆಕ್ಕದಲ್ಲೂ ಇಲ್ಲ, ನಮ್ಮ ಲೆಕ್ಕದಲ್ಲೂ ಇಲ್ಲ. ಹೊರಗಿನಿಂದ ನೋಡಿದರೆ ಕ್ಲೇಮ್ ಇರುವ ದಿನಕ್ಕೂ ಎತ್ತಿಟ್ಟ ದಿನಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಅದನ್ನು ತಿಳಿಯಲು ಆದಾಯದ ಗ್ರಾಫ್ ನೋಡಿ ಪ್ರಯೋಜನ ಇಲ್ಲ, ಕಾಪಿರೈಟ್ ವಿವರದ ಪುಟವನ್ನೇ ನೋಡಬೇಕು.

ಇದರ ಮೇಲೆ ತಿಂಗಳ ಲೆಕ್ಕದ ಗೊಂದಲ ಬೇರೆ. ಸ್ಟುಡಿಯೋದಲ್ಲಿ ಕಾಣುವುದು ಅಂದಾಜು ಆದಾಯ. ಮಂಡಿಗೆ ಅಡಿಕೆ ಕಳಿಸಿದಾಗ ನಾವು ಮನೆಯಲ್ಲಿ ಹಾಕಿಕೊಳ್ಳುವ ಲೆಕ್ಕಕ್ಕೂ, ತೂಕ ಮತ್ತು ಕಳೆತ ಎಲ್ಲ ಮುಗಿದು ಕೈಗೆ ಬರುವ ಪಟ್ಟಿಗೂ ವ್ಯತ್ಯಾಸ ಇರುತ್ತದಲ್ಲ, ಹಾಗೆ. ಈ ಅಂದಾಜನ್ನು ಎರಡು ಸಲ ತಿದ್ದುತ್ತಾರೆ, ಸುಮಾರು ಒಂದು ವಾರದ ನಂತರ ಒಮ್ಮೆ, ಮುಂದಿನ ತಿಂಗಳ ನಡುವೆ ಇನ್ನೊಮ್ಮೆ. ತಿದ್ದುಪಡಿಗೆ ಕ್ಲೇಮ್ ಮತ್ತು ಆಕ್ಷೇಪಗಳೂ ಒಂದು ಕಾರಣ. ಪಕ್ಕಾ ಸಂಖ್ಯೆ ಆಡ್‌ಸೆನ್ಸ್ ಖಾತೆಗೆ ಬರುವುದು ಮುಂದಿನ ತಿಂಗಳ 7ರಿಂದ 12ರ ಒಳಗೆ. ಬ್ಯಾಂಕಿಗೆ ಹೊರಡುವುದು 21ರಿಂದ 26ರ ಒಳಗೆ, ಅದೂ ಖಾತೆಯಲ್ಲಿ 100 ಡಾಲರ್ ಸೇರಿದ್ದರೆ ಮಾತ್ರ. ಸಣ್ಣ ಚಾನೆಲ್‌ಗೆ ಒಂದು ಕ್ಲೇಮ್ ಬಿದ್ದು ಆ ಗೆರೆ ದಾಟದೆ ಹೋದರೆ, ಹೋಗಿರುವುದು ಒಂದು ಪಾಲಾದರೂ ಆ ತಿಂಗಳು ಬ್ಯಾಂಕಿಗೆ ಏನೂ ಬರುವುದಿಲ್ಲ. ಉಳಿದದ್ದು ಎಲ್ಲೂ ಹೋಗಿರುವುದಿಲ್ಲ, ಮುಂದಿನ ತಿಂಗಳಿಗೆ ಸೇರಿಕೊಳ್ಳುತ್ತದೆ.

ಆಕ್ಷೇಪ ಹಾಕಿ ಕಾಯುವಾಗ ಭಾವ ತಾಳ್ಮೆ ಕಳೆದುಕೊಂಡು ಇನ್ನೊಂದು ಕೆಲಸ ಮಾಡಿದರು. ಕೊಟ್ಟೆ ಕಟ್ಟುವ ಹಳೆಯ ವಿಡಿಯೋಗೂ ಬೇರೊಂದು ಸಂಗೀತಕ್ಕೆ ಕ್ಲೇಮ್ ಇತ್ತು. ಅದಕ್ಕೆ ಲೈಸೆನ್ಸ್ ಇರಲಿಲ್ಲ. ಸ್ಟುಡಿಯೋದಲ್ಲೇ ಮೂರು ಉಪಾಯ ಇವೆ: ಆ ಭಾಗ ಕತ್ತರಿಸುವುದು, ಹಾಡು ಬದಲಿಸುವುದು, ಸದ್ದು ಅಡಗಿಸುವುದು. ಯಾವುದು ಮಾಡಿದರೂ ವಿಡಿಯೋದ ಲಿಂಕ್, ವ್ಯೂಸ್, ಕಾಮೆಂಟ್ ಹಾಗೇ ಉಳಿಯುತ್ತವೆ, ಕ್ಲೇಮ್ ಬಿಟ್ಟುಹೋಗುತ್ತದೆ. ಭಾವ ಸದ್ದು ಅಡಗಿಸಿದರು. ಹಾಡಿನ ಜೊತೆ ಅಲ್ಲಿನ ಎಲ್ಲಾ ಸದ್ದೂ ಹೋಗುವ ಆಯ್ಕೆ ಒತ್ತಿದ್ದರು. ಕ್ಲೇಮ್ ಹೋಯಿತು, ದುಡ್ಡು ಶುರುವಾಯಿತು.

ಎರಡು ವಾರ ಬಿಟ್ಟು ಆ ವಿಡಿಯೋದ ರೀಚ್ ನಿಜವಾಗಿಯೇ ಇಳಿಯಿತು. ಜನ ಎಲ್ಲಿಯವರೆಗೆ ನೋಡಿದರು ಅನ್ನುವ ಗ್ರಾಫ್ ತೆಗೆದು ನೋಡಿದೆ. 6 ನಿಮಿಷ 40 ಸೆಕೆಂಡಿನ ತನಕ ಮೆಲ್ಲಗೆ ಇಳಿಯುವ ಗೆರೆ, ಅಲ್ಲಿಂದ ದರೆ ಕುಸಿದ ಹಾಗೆ. ಭಾವ ಮರದ ಮೇಲಿನವರಿಗೆ ಕೂಗಿ ಹೇಳುತ್ತಿದ್ದಾರೆ, ಬಾಯಿ ಆಡುತ್ತಿದೆ, ಮಾತು ಕೇಳುವುದಿಲ್ಲ. ನೋಡುವವರು ಫೋನ್ ಕೆಟ್ಟಿತು ಅಂದುಕೊಂಡು ಹೊರಗೆ ಹೋಗಿದ್ದಾರೆ. ಸರಾಸರಿ ನೋಡುವ ಸಮಯ ಇಳಿದ ಮೇಲೆ ವ್ಯವಸ್ಥೆ ಆ ವಿಡಿಯೋವನ್ನು ಹೊಸಬರ ಮುಂದಿಡುವುದನ್ನು ಕಡಿಮೆ ಮಾಡಿತು. ಕ್ಲೇಮ್ ಮುಟ್ಟದ ರೀಚನ್ನು ನಾವು ಮಾಡಿದ ಮದ್ದು ಮುಟ್ಟಿತು. ಹಾಡನ್ನು ಮಾತ್ರ ಅಡಗಿಸುವ ಆಯ್ಕೆಯೂ ಇದೆ, ಅದು ಪ್ರತಿ ಸಲ ಪೂರ್ತಿ ಯಶಸ್ವಿ ಆಗುವುದಿಲ್ಲ, ಆದರೂ ಮೊದಲು ಅದನ್ನು ನೋಡಬಹುದಿತ್ತು. ಮಾತಿಲ್ಲದ ಜಾಗವಾಗಿದ್ದರೆ ಕತ್ತರಿಸುವುದೇ ಒಳ್ಳೆಯದು.

ಇನ್ನೊಂದು ಬಗೆಯ ಸಿಕ್ಕು ನಮ್ಮ ಕಡೆ ಪದೇ ಪದೇ ಬರುತ್ತದೆ. ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ. ಪರಿಚಯದ ಹುಡುಗನೊಬ್ಬ ಅಲ್ಲಿ ವಿಡಿಯೋ ಮಾಡಿದ್ದ. ತಾನು ಯಾವ ಸಂಗೀತವನ್ನೂ ಹಾಕಿರಲಿಲ್ಲ. ಹಿಂದೆ ಮೈಕ್‌ಸೆಟ್‌ನಲ್ಲಿ ದೇವರ ಹಾಡು ಬರುತ್ತಿತ್ತು, ಅದಕ್ಕೇ ಕ್ಲೇಮ್. "ದಾಸರ ಪದಕ್ಕೆ ಯಾರ ಹಕ್ಕು?" ಅಂತ ಅವನ ಪ್ರಶ್ನೆ. ಪುರಂದರದಾಸರು 16ನೇ ಶತಮಾನದವರು, ಅವರ ಪದಕ್ಕೆ ಹಕ್ಕಿಲ್ಲ ಅನ್ನುವುದು ಸರಿ. ಆದರೆ ಮೈಕ್‌ನಲ್ಲಿ ಬಂದದ್ದು ಒಂದು ರೆಕಾರ್ಡಿಂಗ್. 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ರೆಕಾರ್ಡಿಂಗ್‌ಗೆ ಬೇರೆಯೇ ಹಕ್ಕಿದೆ, ಹೊರಬಂದ ಮುಂದಿನ ವರ್ಷದಿಂದ 60 ವರ್ಷ. ಬರೆದವರ ಹಕ್ಕು ಅವರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ. ನಮ್ಮ ಕುವೆಂಪು ತೀರಿಕೊಂಡದ್ದು 1994ರಲ್ಲಿ, ಹಾಗಾಗಿ ಅವರ ಕವಿತೆಗಳ ಹಕ್ಕು 2054ರ ಕೊನೆಯವರೆಗೆ ಇರುತ್ತದೆ. ಭಾವಗೀತೆಯ ರೆಕಾರ್ಡಿಂಗ್ ಹಾಕಿದರೆ ರೆಕಾರ್ಡ್ ಮಾಡಿದವರದು ಒಂದು, ಸಾಹಿತ್ಯ ಸಂಗೀತದವರದು ಇನ್ನೊಂದು, ಹೀಗೆ ಒಂದೇ ಹಾಡಿಗೆ ಎರಡು ಕ್ಲೇಮ್ ಬೀಳಬಹುದು. ಒಂದನ್ನು ಬಿಡಿಸಿಕೊಂಡು "ಆಯ್ತಲ್ಲ, ಇನ್ನೂ ಯಾಕೆ ಸೊನ್ನೆ" ಅಂತ ಕಾಯುವವರು ವಿವರದ ಪುಟದಲ್ಲಿ ಎರಡನೇ ಸಾಲು ಇದೆಯಾ ಅಂತ ನೋಡಬೇಕು.

ಭಾವನ ಆಕ್ಷೇಪಕ್ಕೆ ಉತ್ತರ ಬಂದದ್ದು ಡಿಸೆಂಬರ್ 20ಕ್ಕೆ. ಕ್ಲೇಮ್ ಬಿಟ್ಟುಕೊಟ್ಟಿದ್ದರು. ಒಂದು ಸಾಲು ವಿವರಣೆಯೂ ಇಲ್ಲ, ಬಿಟ್ಟಿದ್ದೇವೆ ಅಂತಷ್ಟೇ. ನವೆಂಬರ್ 30ರಿಂದ ಡಿಸೆಂಬರ್ 19ರವರೆಗೆ 20 ದಿನ. ಅಷ್ಟರಲ್ಲಿ ವಿಡಿಯೋದ ಓಟ ಇಳಿದು ದಿನಕ್ಕೆ ಸರಾಸರಿ 2,500 ವ್ಯೂಸ್ ಆಗಿತ್ತು. ದಿನಕ್ಕೆ 75ರಂತೆ ಸುಮಾರು 1,500 ರೂಪಾಯಿ ಎತ್ತಿಟ್ಟದ್ದು ಆಮೇಲಿನ ಲೆಕ್ಕಕ್ಕೆ ಸೇರಿ ಬಂತು.

ಆ 8 ದಿನದ 960 ಬರಲಿಲ್ಲ. ಆ ವಿಡಿಯೋದ ಆದಾಯದ ಗೆರೆ ಈಗಲೂ 22ಕ್ಕೆ ನೆಲಕ್ಕಿಳಿದು 29ರವರೆಗೆ ಹಾಗೇ ಮಲಗಿದೆ. ಭಾವ ಅದನ್ನು ಫೋನಿನಲ್ಲಿ ಬೆರಳಿಟ್ಟು ತೋರಿಸುತ್ತಾರೆ. "ಇದು ನೋಡು, ಕೊಳೆ ಬಂದ ಸಾಲು."